‘ಗಣಿತ ಅಥವಾ ವಿಜ್ಞಾನ’ ಅಂದರೆ ಎರಡೂ ಓದಿದವರು ಹೊರಗಾ?

ಪ್ರಶ್ನೆ: ಸರ್, ನಮ್ಮದು ಹೊಸನಗರದ ಹತ್ತಿರ. ಶಿವಮೊಗ್ಗದ ಒಂದು ಕಾಲೇಜಿನ ಕಂಪ್ಯೂಟರ್ ಪದವಿ ಕೋರ್ಸಿಗೆ ‘ಪಿಯುಸಿಯಲ್ಲಿ ಗಣಿತ ಅಥವಾ ವಿಜ್ಞಾನ ಓದಿರಬೇಕು’ ಅಂತ ಹಾಕಿದ್ದಾರೆ. ನಮ್ಮ ಚಿಕ್ಕಪ್ಪನ ಮಗಳು ಪಿಸಿಎಂಬಿ, ಅವಳಿಗೆ ಎರಡೂ ಇದೆ. ನನ್ನ ತಮ್ಮ ಕಾಮರ್ಸ್, ಬೇಸಿಕ್ ಮ್ಯಾಥ್ಸ್ ಓದಿದ್ದಾನೆ. ಸೈಬರ್‌ನವರು ‘ಅಥವಾ ಅಂದ್ರೆ ಎರಡರಲ್ಲಿ ಒಂದೇ ಇರಬೇಕು. ಹುಡುಗಿದು ರಿಜೆಕ್ಟ್ ಆಗತ್ತೆ, ನಿಮ್ಮ ತಮ್ಮಂದು ಓಕೆ’ ಅಂದರು. ಹೌದಾ? ಅವಳಿಗೆ ಬೇರೆ ಕಡೆ ನೋಡಬೇಕಾ?

ಉತ್ತರ: ಸೈಬರ್‌ನವರು ಪೂರ್ತಿ ತಿರುವುಮುರುವು ಹೇಳಿದ್ದಾರೆ. ನಿಮ್ಮ ಚಿಕ್ಕಪ್ಪನ ಮಗಳದ್ದು ಈ ಸಾಲಿನ ಮಟ್ಟಿಗೆ ತೊಂದರೆಯೇ ಇಲ್ಲ. ಅನುಮಾನ ಇರುವುದು ನಿಮ್ಮ ತಮ್ಮನ ವಿಷಯದಲ್ಲಿ. ಅದೂ ‘ಅಥವಾ’ದಿಂದ ಅಲ್ಲ, ‘ಗಣಿತ’ ಎಂಬ ಪದದಿಂದ.

ಮೊದಲು ಹುಡುಗಿಯದ್ದು ಮುಗಿಸೋಣ. ಈ ಸಾಲಿನ ಮುಂದೆ ನಾಲ್ಕೇ ಬಗೆಯ ಮಕ್ಕಳು ಬಂದು ನಿಲ್ಲಬಹುದು. ಗಣಿತ ಮಾತ್ರ ಇರುವವರು, ವಿಜ್ಞಾನ ಮಾತ್ರ ಇರುವವರು, ಎರಡೂ ಇರುವವರು, ಎರಡೂ ಇಲ್ಲದವರು. ಮೊದಲ ಇಬ್ಬರು ಒಳಗೆ, ಕೊನೆಯವರು ಹೊರಗೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಜಗಳ ಇರುವುದು ಎರಡೂ ಇರುವವರ ಬಗ್ಗೆ ಮಾತ್ರ. ‘ಕನಿಷ್ಠ ಒಂದು’ ಅಂತ ಓದಿದರೆ ಅವರು ಒಳಗೆ. ‘ಒಂದೇ ಒಂದು’ ಅಂತ ಓದಿದರೆ ಹೊರಗೆ.

ಈಗ ನಮ್ಮ ಪಿಯು ಕಾಲೇಜುಗಳಲ್ಲಿ ಸೈನ್ಸ್ ಹೇಗಿದೆ ಅಂತ ನೋಡಿ. ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ, ಹೀಗೆ ಹೆಚ್ಚಿನ ಎಲ್ಲ ಕಾಂಬಿನೇಷನ್‌ಗಳಲ್ಲೂ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಗಣಿತ ಇದ್ದೇ ಇದೆ. ಅಂದರೆ ತೀರ್ಥಹಳ್ಳಿ, ಸಾಗರ, ಹೊಸನಗರ ಎಲ್ಲೇ ಸೈನ್ಸ್ ಓದಿದರೂ ಹೆಚ್ಚಿನವರ ಕೈಯಲ್ಲಿ ಎರಡೂ ಇರುತ್ತದೆ. ‘ಒಂದೇ ಇರಬೇಕು’ ಅನ್ನುವ ಅರ್ಥ ಹಿಡಿದರೆ ಆ ಕಾಲೇಜು ಅಷ್ಟೂ ಜನರನ್ನು ವಾಪಸ್ ಕಳಿಸಿ, ಗಣಿತ ಬಿಟ್ಟು ಸೈನ್ಸ್ ಓದಿದ ಕೆಲವೇ ಮಕ್ಕಳನ್ನೂ ಗಣಿತ ಇರುವ ಕಾಮರ್ಸ್ ಮಕ್ಕಳನ್ನೂ ಮಾತ್ರ ಸೇರಿಸಿಕೊಳ್ಳಬೇಕಾಗುತ್ತದೆ. ಕಂಪ್ಯೂಟರ್ ಕೋರ್ಸಿಗೆ! ಯಾವ ಕಾಲೇಜೂ ಹಾಗೆ ಮಾಡಲ್ಲ. ಇಂಥ ಸಾಲು ಕಂಡಾಗ ನಾನು ಹಾಕಿಕೊಳ್ಳುವ ಪ್ರಶ್ನೆ ಇಷ್ಟೇ: ಎರಡೂ ಇದ್ದವರನ್ನು ಹೊರಗೆ ಹಾಕುವುದರಿಂದ ಬರೆದವರಿಗೆ ಏನು ಲಾಭ? ಏನೂ ಇಲ್ಲ ಅನ್ನಿಸಿದರೆ ಅದು ‘ಕನಿಷ್ಠ ಒಂದು’ ಅನ್ನುವ ಅಥವಾ.

ಅರ್ಹತೆಯ ಸಾಲುಗಳಲ್ಲಿ ಬರುವ ‘ಅಥವಾ’ ಬಹುಪಾಲು ಹೀಗೇ. ಅದು ಇಷ್ಟಾದರೂ ಇರಲಿ ಅಂತ ಕೆಳಗಿನ ಮಿತಿ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಯಾರಿಗೂ ನಷ್ಟ ಇಲ್ಲ.

ಹಾಗಂತ ಎಲ್ಲ ಕಡೆಯೂ ಹೀಗೇ ಅಂದುಕೊಳ್ಳಬೇಡಿ. ಶಿಕ್ಷಕರ ಅರ್ಹತಾ ಪರೀಕ್ಷೆ, ಅದೇ ಟಿಇಟಿ, ಅದರ ಎರಡನೇ ಪತ್ರಿಕೆ ತೆಗೆದುಕೊಳ್ಳಿ. 6ರಿಂದ 8ನೇ ತರಗತಿಗೆ ಪಾಠ ಮಾಡುವವರಿಗೆ ಇರುವ ಪತ್ರಿಕೆ ಅದು. ಒಟ್ಟು 150 ಅಂಕ. ಅದರಲ್ಲಿ 60 ಅಂಕ ‘ಗಣಿತ ಮತ್ತು ವಿಜ್ಞಾನ’ಕ್ಕೆ ಅಥವಾ ‘ಸಮಾಜ ವಿಜ್ಞಾನ’ಕ್ಕೆ. ಇಲ್ಲಿನ ‘ಅಥವಾ’ ಒಂದನ್ನೇ ಆರಿಸಿಕೊಳ್ಳಿ ಅನ್ನುತ್ತದೆ. ಎರಡೂ ಚೆನ್ನಾಗಿ ಗೊತ್ತಿದ್ದರೂ ಎರಡಕ್ಕೂ ಉತ್ತರ ಬರೆದು 120 ಅಂಕ ಕೇಳುವ ಹಾಗಿಲ್ಲ. ಅದೇ ಸಾಲಿನ ‘ಮತ್ತು’ವನ್ನೂ ಗಮನಿಸಿ. ನಾನು ಬರೀ ಜೀವಶಾಸ್ತ್ರದವಳು, ಗಣಿತ ಬಿಡ್ತೀನಿ ಅಂದರೆ ನಡೆಯಲ್ಲ. ಆ 60ರೊಳಗೆ ಎರಡರ ಪ್ರಶ್ನೆಯೂ ಬರುತ್ತದೆ.

ವ್ಯತ್ಯಾಸ ಎಲ್ಲಿದೆ ಅಂದರೆ, ನಿಮ್ಮ ಸಾಲು ನೀವು ಈಗಾಗಲೇ ಓದಿ ಮುಗಿಸಿದ್ದನ್ನು ಕೇಳುತ್ತಿದೆ. ಟಿಇಟಿಯ ಸಾಲು ನೀವು ಮುಂದೆ ಮಾಡಬೇಕಾದ್ದನ್ನು ಹೇಳುತ್ತಿದೆ. ‘ಓದಿರಬೇಕು’, ‘ಪಾಸಾಗಿರಬೇಕು’, ‘ಹೊಂದಿರಬೇಕು’ ಅಂತ ಮುಗಿಯುವ ಸಾಲಿನಲ್ಲಿ ಎರಡೂ ಇರಬಹುದು. ‘ಆಯ್ಕೆ ಮಾಡಬೇಕು’, ‘ಉತ್ತರಿಸಬೇಕು’, ‘ಪಡೆಯಬಹುದು’ ಅಂತ ಮುಗಿದರೆ ಹುಷಾರು. ಅಲ್ಲಿ ಸಾಮಾನ್ಯವಾಗಿ ಒಂದೇ. ಒಂದೇ ಹಾಸ್ಟೆಲ್, ಒಂದೇ ವಿದ್ಯಾರ್ಥಿವೇತನ, ಒಂದೇ ಐಚ್ಛಿಕ ವಿಷಯ, ಹೀಗೆ ಏನನ್ನೋ ಹಂಚುವ ಕಡೆ ಈ ಬಗೆಯ ‘ಅಥವಾ’ ಜಾಸ್ತಿ.

ಸೈಬರ್‌ನವರಿಗೆ ಗೊಂದಲ ಎಲ್ಲಿಂದ ಬಂತು ಅಂತ ನನಗೊಂದು ಊಹೆ ಇದೆ. ಆನ್‌ಲೈನ್ ಅರ್ಜಿಯಲ್ಲಿ ಕೆಲವು ಕಡೆ ದುಂಡನೆಯ ಗುಂಡಿಗಳಿರುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿ ಆರಿಹೋಗುತ್ತದೆ. ಚೌಕದ ಡಬ್ಬಿಗಳಾದರೆ ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಬಹುದು. ಅರ್ಜಿ ಮಾಡಿದವರು ಯೋಚಿಸದೆ ದುಂಡು ಗುಂಡಿ ಇಟ್ಟಿದ್ದರೆ, ದಿನವೆಲ್ಲ ಅದನ್ನೇ ತುಂಬುವವರಿಗೆ ‘ನಿಯಮವೇ ಒಂದು’ ಅನ್ನಿಸುವುದು ಸಹಜ. ಅದು ಫಾರಂನ ಮಿತಿ, ನಿಯಮ ಅಲ್ಲ. ಅಲ್ಲಿ ಒಂದನ್ನೇ ಒತ್ತಬೇಕಾಗಿ ಬಂದರೆ ಒತ್ತುವ ಮೊದಲು ಮೆರಿಟ್ ಪಟ್ಟಿಯನ್ನು ಯಾವ ಅಂಕದ ಮೇಲೆ ಮಾಡುತ್ತಾರೆ ಅಂತ ಪ್ರಾಸ್ಪೆಕ್ಟಸ್‌ನಲ್ಲಿ ನೋಡಿ. ಒಟ್ಟು ಅಂಕದ ಮೇಲಾದರೆ ಯಾವುದನ್ನು ಒತ್ತಿದರೂ ಒಂದೇ. ಆರಿಸಿದ ವಿಷಯದ ಅಂಕದ ಮೇಲಾದರೆ ಜಾಸ್ತಿ ಬಂದಿರುವುದನ್ನು ಒತ್ತಲಿ. ಅಂಕಪಟ್ಟಿಯಲ್ಲಿ ಹೇಗೂ ಎಲ್ಲ ವಿಷಯವೂ ಇರುತ್ತದೆ. ಏನನ್ನೂ ಮುಚ್ಚಿಡುವುದು ಬೇಡ.

ಇನ್ನು ನಿಮ್ಮ ತಮ್ಮನ ವಿಷಯ. ಅವನಿಗೆ ವಿಜ್ಞಾನ ಇಲ್ಲ, ಹಾಗಾಗಿ ಅವನ ಭಾರವೆಲ್ಲ ‘ಗಣಿತ’ದ ಮೇಲೆ. ಬೇಸಿಕ್ ಮ್ಯಾಥ್ಸ್ ಗಣಿತವೇ ತಾನೇ ಅಂತ ನಿಮಗೆ ಅನ್ನಿಸಬಹುದು. ಮನೆಮಾತಿನಲ್ಲಿ ಹೌದು. ಆದರೆ ದ್ವಿತೀಯ ಪಿಯುಸಿಯ ವಿಷಯಗಳ ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಗಣಿತದ ಕೋಡ್ 35. ಬೇಸಿಕ್ ಮ್ಯಾಥ್ಸ್‌ನ ಕೋಡ್ 75. ಪಠ್ಯ ಬೇರೆ, ಪ್ರಶ್ನೆಪತ್ರಿಕೆ ಬೇರೆ. ಸಂಖ್ಯಾಶಾಸ್ತ್ರ ಇವೆರಡೂ ಅಲ್ಲ, ಅದರ ಕೋಡ್ 31. ಅಂಕಪಟ್ಟಿ ತೆಗೆದು ಅವನ ವಿಷಯದ ಹೆಸರು ಅಲ್ಲಿ ಹೇಗೆ ಅಚ್ಚಾಗಿದೆ ಅಂತ ಒಮ್ಮೆ ಓದಿ. ಪರಿಶೀಲನೆ ಮಾಡುವವರು ನೋಡುವುದು ಅದನ್ನೇ.

ಪ್ರಕಟಣೆಯ ‘ಗಣಿತ’ ಅಂದರೆ 35 ಮಾತ್ರವೋ, 75 ಕೂಡ ಸೇರಿತೋ, 31ನ್ನೂ ಒಪ್ಪುತ್ತಾರೋ ಅನ್ನುವುದು ಆ ಸಾಲಿನಿಂದ ಗೊತ್ತಾಗಲ್ಲ. ಕೋರ್ಸಿನಿಂದ ಕೋರ್ಸಿಗೆ ಇದು ಬದಲಾಗುತ್ತದೆ. ಕೆಲವರು ‘ಗಣಿತ / ಬೇಸಿಕ್ ಮ್ಯಾಥ್ಸ್ / ಸಂಖ್ಯಾಶಾಸ್ತ್ರ’ ಅಂತ ಬಿಡಿಸಿ ಬರೆಯುತ್ತಾರೆ. ಅವರಿಗೆ ಪುಣ್ಯ ಬರಲಿ. ‘ವಿಜ್ಞಾನ’ದ ಕಥೆಯೂ ಇದೇ. ಅದು ವಿಜ್ಞಾನ ವಿಭಾಗವೋ, ಯಾವುದಾದರೂ ಒಂದು ವಿಜ್ಞಾನ ವಿಷಯವೋ? ಕಾಮರ್ಸ್‌ನಲ್ಲಿ ಸಿಇಬಿಎ ಓದಿದ ಮಕ್ಕಳು ‘ನಮಗೆ ಕಂಪ್ಯೂಟರ್ ಸೈನ್ಸ್ ಇದೆ, ಅದೂ ಸೈನ್ಸೇ’ ಅಂತ ವಾದ ಮಾಡುತ್ತಾರೆ. ಗೃಹವಿಜ್ಞಾನದವರೂ ಕೇಳಬಹುದು. ವಾದ ತಪ್ಪಲ್ಲ. ಆದರೆ ವಾದ ಗೆದ್ದರೆ ಸೀಟು ಸಿಗಲ್ಲ, ನಿಯಮದ ಪುಸ್ತಕದಲ್ಲಿ ಆ ವಿಷಯದ ಹೆಸರು ಇರಬೇಕು.

ಯಾವುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಎಷ್ಟು ಸೂಕ್ಷ್ಮ ಅಂತ ನೋಡಲು ಸಿಇಟಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಅದರ ಜೊತೆ ರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಇವುಗಳಲ್ಲಿ ಒಂದು. ಈ ಮೂರರಲ್ಲಿ ಒಟ್ಟು ಶೇ. 45 ಇರಬೇಕು. ಮೀಸಲಾತಿ ವರ್ಗಗಳಿಗೆ ಶೇ. 40.

ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಸಾಮಾನ್ಯ ವರ್ಗ, ಪಿಸಿಎಂಸಿ. ನೂರಕ್ಕೆ ಭೌತಶಾಸ್ತ್ರ 41, ಗಣಿತ 47, ರಸಾಯನಶಾಸ್ತ್ರ 39, ಕಂಪ್ಯೂಟರ್ ಸೈನ್ಸ್ 78. ಮೊದಲ ಮೂರನ್ನು ಕೂಡಿದರೆ 127. ಬೇಕಾಗಿರುವುದು 300ಕ್ಕೆ 135. ಎಂಟು ಅಂಕ ಕಡಿಮೆ. ಮನೆಯವರು ಅಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ರಸಾಯನಶಾಸ್ತ್ರದಿಂದ ಅರ್ಹತೆ ತಪ್ಪಿದರೆ ಅದರ ಜಾಗದಲ್ಲಿ ಆ ಪಟ್ಟಿಯ ಬೇರೆ ವಿಷಯವನ್ನು ಪರಿಗಣಿಸಬಹುದು ಅಂತ ನಿಯಮವೇ ಹೇಳುತ್ತದೆ. ಕಂಪ್ಯೂಟರ್ ಸೈನ್ಸ್ ಹಾಕಿ ಕೂಡಿ: 41, 47, 78. ಒಟ್ಟು 166, ಶೇ. 55ಕ್ಕಿಂತ ಮೇಲೆ. ಹುಡುಗ ಅರ್ಹ.

ಇಲ್ಲಿ ಎರಡೂ ಬಗೆಯ ‘ಅಥವಾ’ ಒಟ್ಟಿಗೇ ಕೂತಿವೆ. ರಸಾಯನಶಾಸ್ತ್ರ ಮತ್ತು ಕಂಪ್ಯೂಟರ್ ಎರಡನ್ನೂ ಓದಿರುವುದಕ್ಕೆ ಅಡ್ಡಿಯಿಲ್ಲ, ಓದಿದ್ದರಿಂದಲೇ ಅವನು ಬಚಾವಾದ. ಆದರೆ ಕೂಡುವಾಗ ಒಂದನ್ನೇ ಕೂಡಬೇಕು. ನಾಲ್ಕೂ ವಿಷಯ ಸೇರಿಸಿ 400ಕ್ಕೆ 205 ಅಂತ ತೋರಿಸುವ ಹಾಗಿಲ್ಲ. ಅರ್ಹನಾದ ಅಂತ ಖುಷಿಪಟ್ಟು ಇನ್ನೊಂದು ವಿಷಯ ಮರೆಯಲೂಬಾರದು. ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಅಲ್ಲಿ ಆ 39 ಮತ್ತೆ ಬಂದು ಕೂರುತ್ತದೆ, 78ಕ್ಕೆ ಜಾಗ ಇಲ್ಲ. ಬಾಗಿಲು ತೆಗೆಸಿದ ವಿಷಯವೇ ಒಳಗೂ ಲೆಕ್ಕಕ್ಕೆ ಬರಬೇಕು ಅಂತೇನಿಲ್ಲ. ನಿಮ್ಮ ತಮ್ಮನ ಕೋರ್ಸಿನಲ್ಲೂ ಇದನ್ನು ಎರಡು ಬೇರೆ ಪ್ರಶ್ನೆಯಾಗಿಯೇ ಕೇಳಿ. ಬೇಸಿಕ್ ಮ್ಯಾಥ್ಸ್ ಅರ್ಹತೆಗೆ ಸಾಕೇ? ಮೆರಿಟ್ ಪಟ್ಟಿಗೆ ಯಾವ ಅಂಕ ತಗೊಳ್ಳುತ್ತಾರೆ?

ಇನ್ನೊಂದು ಸಾಲು ಹುಡುಕಿ ನೋಡಿ. ಕಂಪ್ಯೂಟರ್ ಕೋರ್ಸುಗಳ ಪ್ರಾಸ್ಪೆಕ್ಟಸ್‌ನಲ್ಲಿ ಕೆಲವು ಕಡೆ ಬ್ರಿಡ್ಜ್ ಕೋರ್ಸಿನ ಮಾತು ಬರುತ್ತದೆ. ‘ಗಣಿತ ಅಥವಾ ವಿಜ್ಞಾನ ಓದದವರು ಬ್ರಿಡ್ಜ್ ಕೋರ್ಸ್ ಮಾಡಬೇಕು’ ಅಂತ ಇದೆ ಅಂದುಕೊಳ್ಳಿ. ಈ ಸಾಲು ಮೊದಲ ಸಾಲಿಗಿಂತ ಕೆಟ್ಟದ್ದು. ‘ಅಥವಾ’ದ ಜೊತೆ ‘ಇಲ್ಲ’ ಸೇರಿದ ತಕ್ಷಣ ಅರ್ಥ ಎರಡಾಗಿ ಸೀಳುತ್ತದೆ. ತರ್ಕದ ಪ್ರಕಾರ ‘ಗಣಿತ ಅಥವಾ ವಿಜ್ಞಾನ ಓದಿದವರು’ ಎಂಬ ಗುಂಪಿನ ಹೊರಗೆ ಉಳಿಯುವವರು ಎರಡನ್ನೂ ಓದದವರು. ಹಾಗೆ ಓದಿದರೆ, ಬೇಸಿಕ್ ಮ್ಯಾಥ್ಸನ್ನು ಗಣಿತ ಅಂತ ಒಪ್ಪಿದ ಪಕ್ಷದಲ್ಲಿ ನಿಮ್ಮ ತಮ್ಮನಿಗೆ ಬ್ರಿಡ್ಜ್ ಕೋರ್ಸ್ ಬೇಡ. ಆದರೆ ಅದೇ ಸಾಲನ್ನು ‘ಗಣಿತ ಓದದವರು, ಇಲ್ಲವೇ ವಿಜ್ಞಾನ ಓದದವರು’ ಅಂತಲೂ ಓದಬಹುದು. ಆಗ ಅವನಿಗೆ ವಿಜ್ಞಾನ ಇಲ್ಲದ್ದರಿಂದ ಬ್ರಿಡ್ಜ್ ಕೋರ್ಸ್ ಬೇಕೇ ಬೇಕು. ಚಿಕ್ಕಪ್ಪನ ಮಗಳಿಗೆ ಮಾತ್ರ ಎರಡೂ ಓದಿನಲ್ಲಿ ಒಂದೇ ಉತ್ತರ: ಬೇಡ. ಮೊದಲ ಸಾಲಿನಲ್ಲಿ ನಾವು ಬುದ್ಧಿ ಓಡಿಸಿ ಅರ್ಥ ಹಿಡಿದೆವು. ಇಲ್ಲಿ ಎರಡು ಅರ್ಥವೂ ನ್ಯಾಯವಾಗಿಯೇ ಕಾಣುತ್ತವೆ, ಹಾಗಾಗಿ ಊಹೆ ಉಪಯೋಗಕ್ಕೆ ಬರಲ್ಲ. ಕೇಳಲೇಬೇಕು.

ಯಾರನ್ನು ಕೇಳುವುದು? ಕೌಂಟರಿನಲ್ಲಿ ಕೂತವರನ್ನಲ್ಲ. ಜೂನ್ ಮಳೆಯಲ್ಲಿ ಬಸ್ ಹಿಡಿದು ಹೋಗಿ, ಸಾಲಲ್ಲಿ ನಿಂತು ಕೇಳಿದರೆ ‘ಆಗತ್ತೆ ಆಗತ್ತೆ, ಹಾಕಿ’ ಅನ್ನುತ್ತಾರೆ. ಅವರಿಗೂ ಸಾಲು ಕರಗಬೇಕಲ್ಲ. ಪದವಿಯ ಅರ್ಹತೆಯನ್ನು ಬರೆಯುವುದು ಸಾಮಾನ್ಯವಾಗಿ ಕಾಲೇಜಲ್ಲ, ಅದು ಸೇರಿರುವ ವಿಶ್ವವಿದ್ಯಾಲಯ. ಶಿವಮೊಗ್ಗದ ಹೆಚ್ಚಿನ ಪದವಿ ಕಾಲೇಜುಗಳಿಗೆ ಅದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಆ ಕೋರ್ಸಿನ ನಿಯಮಾವಳಿಯಲ್ಲಿ ‘ಪ್ರವೇಶಕ್ಕೆ ಅರ್ಹತೆ’ ಅನ್ನುವ ಭಾಗ ಇರುತ್ತದೆ. ಕಾಲೇಜಿನ ಬ್ಯಾನರ್, ಪತ್ರಿಕೆಯ ಜಾಹೀರಾತು, ವಾಟ್ಸಾಪ್‌ನಲ್ಲಿ ಬರುವ ಪೋಸ್ಟರ್, ಇವೆಲ್ಲ ಅದರ ಸಾರಾಂಶ ಮಾತ್ರ. ಸಾರಾಂಶ ಮಾಡುವಾಗಲೇ ‘ಇವುಗಳಲ್ಲಿ ಕನಿಷ್ಠ ಒಂದು’ ಅಂತ ಇದ್ದದ್ದು ಬರೀ ‘ಅಥವಾ’ ಆಗಿಬಿಡುತ್ತದೆ. ಸಿಇಟಿ ಮೂಲಕ ಹೋಗುವ ಕೋರ್ಸಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಕ ನೋಡಬೇಕು. ಹೋದ ವರ್ಷದ್ದಲ್ಲ. ‘ನಮ್ಮ ಪಕ್ಕದ ಮನೆ ಹುಡುಗನಿಗೆ ಹೋದ ವರ್ಷ ಬೇಸಿಕ್ ಮ್ಯಾಥ್ಸ್‌ನಲ್ಲೇ ಸಿಕ್ತು’ ಅನ್ನುವುದನ್ನು ಸುಳಿವು ಅಂತ ಇಟ್ಟುಕೊಳ್ಳಿ, ಸಾಕ್ಷಿ ಅಂತ ಅಲ್ಲ.

ಬಾಯಿಮಾತು ಯಾಕೆ ಸಾಲದು ಅಂದರೆ, ಕಾಲೇಜು ಸೇರಿಸಿಕೊಂಡ ಮೇಲೆ ದಾಖಲೆಗಳು ಅನುಮೋದನೆಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ತಕರಾರು ಬರುವುದು ಆಗ. ಅಷ್ಟೊತ್ತಿಗೆ ತರಗತಿ ಶುರುವಾಗಿ ತಿಂಗಳುಗಳೇ ಕಳೆದಿರುತ್ತವೆ, ಬೇರೆ ಕಾಲೇಜುಗಳ ಪ್ರವೇಶ ಮುಗಿದಿರುತ್ತದೆ. ‘ಆಗತ್ತೆ ಹಾಕಿ’ ಅಂದವರ ಹೆಸರೂ ನಿಮಗೆ ನೆನಪಿರಲ್ಲ.

ಹಾಗಾಗಿ ಬರೆದು ಕೇಳಿ, ಬರೆದೇ ಉತ್ತರ ತಗೊಳ್ಳಿ. ಕಾಲೇಜಿನ ಪ್ರಾಂಶುಪಾಲರಿಗೆ ಇಮೇಲ್ ಮಾಡಿ, ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೂ ಪ್ರತಿ ಕಳಿಸಿ. ‘ನನ್ನ ತಮ್ಮ ಅರ್ಹನೇ?’ ಅಂತ ಕೇಳಬೇಡಿ. ಅಂಥ ಪ್ರಶ್ನೆಗೆ ‘ನಿಯಮಾನುಸಾರ ಪರಿಶೀಲಿಸಲಾಗುವುದು’ ಅಂತ ಉತ್ತರ ಬರುತ್ತದೆ, ಅದರಿಂದ ನಿಮಗೇನೂ ಗೊತ್ತಾಗಲ್ಲ. ಹೌದು ಅಥವಾ ಇಲ್ಲ ಅಂತಲೇ ಹೇಳಬೇಕಾದ ಹಾಗೆ ಕೇಳಿ. ಹೆಚ್ಚುಕಡಿಮೆ ಹೀಗೆ:

‘ಮಾನ್ಯರೇ, ತಮ್ಮ ಈ ವರ್ಷದ ಪ್ರಕಟಣೆಯಲ್ಲಿ ಈ ಕೋರ್ಸಿಗೆ ಪಿಯುಸಿಯಲ್ಲಿ ಗಣಿತ ಅಥವಾ ವಿಜ್ಞಾನ ಓದಿರಬೇಕು ಎಂದಿದೆ. ನನ್ನ ತಮ್ಮ ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ (ಕೋಡ್ 75) ಓದಿದ್ದಾನೆ. ಗಣಿತ (ಕೋಡ್ 35) ಓದಿಲ್ಲ, ವಿಜ್ಞಾನ ವಿಷಯಗಳೂ ಇಲ್ಲ. ಅಂಕಪಟ್ಟಿ ಲಗತ್ತಿಸಿದೆ. ಒಂದು, ಬೇಸಿಕ್ ಮ್ಯಾಥ್ಸ್ ಈ ಅರ್ಹತೆಗೆ ಸಾಕೇ? ಎರಡು, ಸಾಕು ಎಂದಾದರೆ ಅವನು ಬ್ರಿಡ್ಜ್ ಕೋರ್ಸ್ ಮಾಡಬೇಕೇ? ಮೂರು, ಮೆರಿಟ್ ಪಟ್ಟಿಗೆ ಯಾವ ವಿಷಯಗಳ ಅಂಕ ಪರಿಗಣಿಸುತ್ತೀರಿ? ನಿಯಮದ ಸಂಖ್ಯೆ ತಿಳಿಸಿದರೆ ಉಪಕಾರವಾಗುತ್ತದೆ.’

‘ಗಣಿತ ಓದಿಲ್ಲ’ ಅಂತ ನೀವೇ ಬರೆಯಲು ಹಿಂಜರಿಯಬೇಡಿ. ಅದನ್ನು ಬಿಟ್ಟರೆ ಉತ್ತರ ಕೊಡುವವರು 35 ಅಂದುಕೊಂಡು ‘ಆಗುತ್ತದೆ’ ಅಂತ ಬರೆದುಬಿಡಬಹುದು. ಆ ಕಾಗದ ಆಮೇಲೆ ನಿಮ್ಮ ಕೈ ಹಿಡಿಯಲ್ಲ. ನಿಯಮದ ಸಂಖ್ಯೆ ಕೇಳಿದ್ದಕ್ಕೂ ಕಾರಣ ಇದೆ. ಸಂಖ್ಯೆ ಬರೆಯಬೇಕಾದರೆ ಅವರು ಪುಸ್ತಕ ತೆಗೆದು ನೋಡಲೇಬೇಕು.

ನಾಲ್ಕೈದು ದಿನ ಉತ್ತರ ಬರದಿದ್ದರೆ ಅದೇ ಪತ್ರದ ಎರಡು ಪ್ರತಿ ತಗೊಂಡು ಖುದ್ದಾಗಿ ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅಷ್ಟರಲ್ಲಿ ಕೊನೆಯ ದಿನಾಂಕ ಹತ್ತಿರ ಬಂದರೆ ಅರ್ಜಿ ಹಾಕಿಬಿಡಿ. ಅರ್ಜಿ ಶುಲ್ಕ ಹೋದರೆ ಹೋಗಲಿ, ಅದು ದೊಡ್ಡದಲ್ಲ. ಅರ್ಜಿಯಲ್ಲಿ ವಿಷಯದ ಹೆಸರನ್ನು ಅಂಕಪಟ್ಟಿಯಲ್ಲಿ ಇರುವ ಹಾಗೇ ‘ಬೇಸಿಕ್ ಮ್ಯಾಥ್ಸ್’ ಅಂತಲೇ ತುಂಬಿಸಿ. ‘ಗಣಿತ ಅಂತಲೇ ಹಾಕೋಣ ಬಿಡಿ’ ಅಂದರೆ ಸೈಬರ್‌ನವರನ್ನು ತಡೆಯಿರಿ. ಆದರೆ ಲಿಖಿತ ಉತ್ತರ ಕೈಗೆ ಬರುವ ತನಕ ಪ್ರವೇಶ ಶುಲ್ಕ ಕಟ್ಟಬೇಡಿ, ಅವನ ಮೂಲ ಟಿಸಿಯನ್ನು ಅಲ್ಲಿ ಒಪ್ಪಿಸಲೂ ಬೇಡಿ. ಟಿಸಿ ಒಂದು ಕಡೆ ಸಿಕ್ಕಿಕೊಂಡರೆ ಎರಡನೇ ಕಾಲೇಜಿಗೆ ಹೋಗುವುದು ಕಷ್ಟ. ಬಿ.ಕಾಂ.ಗೂ ಒಂದು ಅರ್ಜಿ ಹಾಕಿಟ್ಟಿರಲಿ. ಚಿಕ್ಕಪ್ಪನ ಮಗಳಿಗೆ ಇದ್ಯಾವುದೂ ಬೇಡ, ಅವಳು ನಾಳೆಯೇ ಹೋಗಿ ಅರ್ಜಿ ಕೊಡಬಹುದು.